ಐವತ್ತು ತೆಂಗಿನ ಮರ, ಐದು ಸಾಲಿನ ಪಟ್ಟಿ: ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ಕಂಡುಹಿಡಿಯುವುದು ಹೀಗೆ

ಒಂದು ತೋಟದಲ್ಲಿ 50 ತೆಂಗಿನ ಮರಗಳಿವೆ ಎಂದುಕೊಳ್ಳಿ. ಒಂದೊಂದು ಮರ ವರ್ಷಕ್ಕೆ ಎಷ್ಟು ಕಾಯಿ ಕೊಟ್ಟಿತು ಎಂಬ ಬಿಡಿ ಲೆಕ್ಕ ನಮ್ಮ ಕೈಯಲ್ಲಿಲ್ಲ. ಇರುವುದು ಗುಂಪು ಮಾಡಿದ ಪಟ್ಟಿ ಮಾತ್ರ. ಮೊದಲ ಎರಡು ಕಾಲಂಗಳು ಕೊಟ್ಟಿರುವ ಮಾಹಿತಿ, ಉಳಿದವನ್ನು ನಾವೇ ತುಂಬಬೇಕು.

| ಕಾಯಿಗಳು | ಮರಗಳು (f) | ಮಧ್ಯಬಿಂದು (x) | d | fd | fd² | ಸಂಚಿತ ಆವೃತ್ತಿ |
|---|---|---|---|---|---|---|
| 41–60 | 4 | 50.5 | −2 | −8 | 16 | 4 |
| 61–80 | 10 | 70.5 | −1 | −10 | 10 | 14 |
| 81–100 | 18 | 90.5 | 0 | 0 | 0 | 32 |
| 101–120 | 12 | 110.5 | 1 | 12 | 12 | 44 |
| 121–140 | 6 | 130.5 | 2 | 12 | 24 | 50 |
| ಒಟ್ಟು | 50 | | | 6 | 62 | |

ಲೆಕ್ಕಕ್ಕೆ ಕೈ ಹಾಕುವ ಮೊದಲು ವರ್ಗಾಂತರಗಳನ್ನು ಒಮ್ಮೆ ನೋಡಿ. ಒಂದು ಗುಂಪು 60ಕ್ಕೆ ಮುಗಿದರೆ ಮುಂದಿನದು 61ಕ್ಕೆ ಶುರುವಾಗುತ್ತದೆ, ನಡುವೆ 1ರ ಸಂದಿ ಇದೆ. ಆ ಸಂದಿಯನ್ನು ಎರಡೂ ಕಡೆಗೆ ಅರ್ಧರ್ಧ ಹಂಚಿ. ಆಗ 81–100 ಎಂಬುದು 80.5–100.5 ಆಗುತ್ತದೆ, ವರ್ಗಾಂತರದ ಗಾತ್ರ (h) 20. ನೂರರಲ್ಲಿ ಎಂಬತ್ತೊಂದನ್ನು ಕಳೆದು 19 ಎಂದು ಬರೆದವರ ಲೆಕ್ಕ ಇಲ್ಲಿಂದಲೇ ಹಳಿ ತಪ್ಪುತ್ತದೆ. ಸಾಲುಗಳು 40–60, 60–80 ಎಂದು ಒಂದಕ್ಕೊಂದು ಅಂಟಿಕೊಂಡಿದ್ದರೆ ಈ ಕೆಲಸವಿಲ್ಲ.

ಸರಾಸರಿ. 50.5, 70.5 ಎಂಬ ಸಂಖ್ಯೆಗಳನ್ನು ನೇರವಾಗಿ ಗುಣಿಸುತ್ತಾ ಹೋಗಬಹುದು, ಆದರೆ ಅದು ಸುಮ್ಮನೆ ಮೈನೋವು. ನಡುವಿನ 90.5ನ್ನು ಅಂದಾಜು ಸರಾಸರಿ (A) ಎಂದು ಹಿಡಿದು, ಉಳಿದ ಮಧ್ಯಬಿಂದುಗಳು ಅದರಿಂದ ಎಷ್ಟು ಮೆಟ್ಟಿಲು ಮೇಲೆ ಅಥವಾ ಕೆಳಗೆ ಇವೆ ಎಂದು ಬರೆದರೆ ಸಾಕು. ಒಂದು ಮೆಟ್ಟಿಲೆಂದರೆ 20 ಕಾಯಿ. ಅದೇ d ಕಾಲಂ.

ಸರಾಸರಿ = A + (Σfd ÷ n) × h = 90.5 + (6 ÷ 50) × 20 = 92.9

ಯಾವ ಸಾಲನ್ನು A ಎಂದು ಹಿಡಿದರೂ ಇದೇ ಉತ್ತರ ಬರಬೇಕು. ಅನುಮಾನವಿದ್ದರೆ 70.5 ಹಿಡಿದು ಇನ್ನೊಮ್ಮೆ ಮಾಡಿ ನೋಡಿ.

ಮಧ್ಯಾಂಕ. ಮರಗಳನ್ನು ಇಳುವರಿಯ ಪ್ರಕಾರ ಸಾಲಾಗಿ ನಿಲ್ಲಿಸಿದ ಹಾಗೆ ಯೋಚಿಸಿ. 50ರ ಅರ್ಧ 25. ಮೊದಲ ಎರಡು ಗುಂಪುಗಳಲ್ಲಿ 14 ಮರ ಮುಗಿದವು, ಇನ್ನೂ 11 ಬೇಕು. ಅವು ಸಿಗುವುದು 18 ಮರಗಳಿರುವ ಮೂರನೇ ಗುಂಪಿನಲ್ಲಿ. ಆ ಮರಗಳು ಗುಂಪಿನ ಉದ್ದಕ್ಕೂ ಸಮವಾಗಿ ಹರಡಿವೆ ಎಂದು ಭಾವಿಸಿದರೆ, 20ರ ಅಗಲದಲ್ಲಿ ಹದಿನೆಂಟರಲ್ಲಿ ಹನ್ನೊಂದು ಪಾಲು ಮುಂದೆ ಹೋಗಬೇಕು.

ಮಧ್ಯಾಂಕ = 80.5 + (11 ÷ 18) × 20 = 92.72

ಇಲ್ಲಿನ 11 ಬಂದದ್ದು n ÷ 2 − cf ಎಂಬುದರಿಂದ, ಅಂದರೆ 25 − 14. cf ಎಂದರೆ ಹಿಂದಿನ ಸಾಲಿನ ಸಂಚಿತ ಆವೃತ್ತಿ. ಪಕ್ಕದಲ್ಲೇ ಕಣ್ಣಿಗೆ ಬೀಳುವ 32ನ್ನು ಹಾಕಿದರೆ ಉತ್ತರ 72.72 ಆಗುತ್ತದೆ. ಅದು 80.5–100.5ರ ಒಳಗೇ ಇಲ್ಲ. ಮಧ್ಯಾಂಕ ತನ್ನ ಗುಂಪಿನಿಂದ ಆಚೆ ಬಿದ್ದರೆ cf ತಪ್ಪಿರುವ ಸಾಧ್ಯತೆಯೇ ಹೆಚ್ಚು. ಆದರೆ 80.5ರ ಬದಲು 81 ಹಾಕಿದರೆ 93.22 ಬರುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಈ ಅರ್ಧದ ತಪ್ಪನ್ನು ಉತ್ತರ ನೋಡಿ ಹಿಡಿಯುವುದು ಕಷ್ಟ.

ಮಾನಕ ವಿಚಲನೆ. ಕಾಲಂಗಳು ಸಿದ್ಧವಿರುವುದರಿಂದ ಇನ್ನು ಹೆಚ್ಚಿನ ಕೆಲಸವಿಲ್ಲ.

σ = h × √[Σfd² ÷ n − (Σfd ÷ n)²]

ಒಳಗಿನ ಮೊದಲ ಭಾಗ 62 ÷ 50 = 1.24. ಎರಡನೆಯದು 0.12ರ ವರ್ಗ, 0.0144. ಕಳೆದರೆ 1.2256, ಅದರ ವರ್ಗಮೂಲ 1.107. ಇದು ಮೆಟ್ಟಿಲುಗಳ ಲೆಕ್ಕ. ಕಾಯಿಗಳ ಲೆಕ್ಕಕ್ಕೆ ತರಲು 20ರಿಂದ ಗುಣಿಸಿದರೆ 22.14. ಕೊನೆಯ ಈ ಗುಣಾಕಾರ ಮರೆತು 1.107 ಎಂದೇ ಬರೆದುಬಿಡುವವರು ಬಹಳ.

ಇನ್ನೊಂದು ತಪ್ಪು fd² ಕಾಲಂನಲ್ಲಿ. ಇಲ್ಲಿ ವರ್ಗ ಮಾಡಬೇಕಾದದ್ದು d ಒಂದನ್ನೇ, fd ಪೂರ್ತಿಯನ್ನಲ್ಲ. ಮೊದಲ ಸಾಲಿನಲ್ಲಿ 4 × 4 = 16 ಬರಬೇಕು. −8ರ ವರ್ಗ 64 ಎಂದು ಬರೆದು, ಉಳಿದ ಸಾಲುಗಳಲ್ಲೂ ಹಾಗೇ ಮಾಡಿದರೆ ಮೊತ್ತ 452ಕ್ಕೆ ಏರಿ σ ಸುಮಾರು 60 ಆಗುತ್ತದೆ. ಇದನ್ನು ಹಿಡಿಯಲು ಸುಲಭದ ದಾರಿಯಿದೆ: ಮೊದಲ ಮತ್ತು ಕೊನೆಯ ಮಧ್ಯಬಿಂದುಗಳ ಅಂತರ 80, ಮಾನಕ ವಿಚಲನೆ ಅದರ ಅರ್ಧವನ್ನು, ಅಂದರೆ 40ನ್ನು, ದಾಟುವಂತೆಯೇ ಇಲ್ಲ. fd ಕಾಲಂ ಅನ್ನು ಇನ್ನೊಮ್ಮೆ d ಕಾಲಂನಿಂದ ಗುಣಿಸುತ್ತಾ ಹೋಗುವ ಅಭ್ಯಾಸವಿದ್ದರೆ ಈ ಗೊಂದಲ ಬರುವುದಿಲ್ಲ: −8 × −2 = 16.

ಮೂರೂ ಉತ್ತರಗಳು ಅಂದಾಜುಗಳೇ. 81–100ರ ಗುಂಪಿನ 18 ಮರಗಳೂ ತಲಾ 90.5 ಕಾಯಿ ಕೊಟ್ಟವು ಎಂದು ಸರಾಸರಿಗೂ ಮಾನಕ ವಿಚಲನೆಗೂ ಒಪ್ಪಿಕೊಂಡಿದ್ದೇವೆ, ಮಧ್ಯಾಂಕಕ್ಕೆ ಅವು ಸಮವಾಗಿ ಹರಡಿವೆ ಎಂದು ಭಾವಿಸಿದ್ದೇವೆ, ಬಿಡಿ ಲೆಕ್ಕ ಸಿಕ್ಕರೆ ಸಂಖ್ಯೆಗಳು ಸ್ವಲ್ಪ ಆಚೀಚೆ ಆಗುತ್ತವೆ. ಕೆಲವು ಪಟ್ಟಿಗಳ ಕೊನೆಯ ಸಾಲು ‘120ಕ್ಕಿಂತ ಹೆಚ್ಚು’ ಎಂದಷ್ಟೇ ಇರುತ್ತದೆ. ಅದಕ್ಕೆ ಮೇಲ್ಮಿತಿಯಿಲ್ಲ, ಹಾಗಾಗಿ ಮಧ್ಯಬಿಂದುವೂ ಇಲ್ಲ. ಒಂದು ಮಿತಿಯನ್ನು ಊಹಿಸಿಕೊಳ್ಳದೆ ಸರಾಸರಿಯನ್ನಾಗಲಿ ಮಾನಕ ವಿಚಲನೆಯನ್ನಾಗಲಿ ತೆಗೆಯಲು ಬರುವುದಿಲ್ಲ. ಮಧ್ಯಾಂಕಕ್ಕೆ ಆ ತೊಂದರೆಯಿಲ್ಲ. ಕೊನೆಯ ಆರು ಮರಗಳು 130 ಕೊಡಲಿ, 300 ಕೊಡಲಿ, ಅದು 92.72ರಲ್ಲೇ ಇರುತ್ತದೆ.