ಟ್ಯೂಬ್‌ಲೈಟ್ ಕೆಳಗೆ ವಿಡಿಯೊ ಮಿಣುಕುತ್ತಿದ್ದರೆ ಹೀಗೆ ಮಾಡಿ

ಮದುವೆ ಛತ್ರ, ಅಂಗಡಿ ಅಥವಾ ಮನೆಯೊಳಗೆ ತೆಗೆದ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಓಡುತ್ತಿದ್ದರೆ, ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ಫ್ರೇಮ್ ರೇಟ್ 25, ಶಟರ್ ಸ್ಪೀಡ್ 1/50 ಇಡಿ. ಫ್ರೇಮ್ ರೇಟ್ ಅಂದ್ರೆ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ. ಶಟರ್ ಸ್ಪೀಡ್ ಅಂದ್ರೆ ಅದರಲ್ಲಿ ಒಂದೊಂದು ಚಿತ್ರಕ್ಕೂ ಎಷ್ಟು ಹೊತ್ತು ಬೆಳಕು ಬೀಳುತ್ತದೆ ಅನ್ನುವುದು. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಇಂಥ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ, ನಮ್ಮ ಕಣ್ಣಿಗೆ ಮಾತ್ರ ಗೊತ್ತಾಗುವುದಿಲ್ಲ. 1/50 ಇಟ್ಟರೆ ಪ್ರತಿ ಚಿತ್ರಕ್ಕೂ ಸರಿಯಾಗಿ ಎರಡು ಏರಿಳಿತ ಸಿಗುತ್ತದೆ, ಬೆಳಕು ಒಂದೇ ಸಮ ಇರುತ್ತದೆ. 1/60 ಇಟ್ಟರೆ ಎರಡನೆಯದು ಅರ್ಧಕ್ಕೇ ತುಂಡಾಗುತ್ತದೆ, ಅದೇ ಪಟ್ಟಿಯಾಗಿ ಕಾಣುವುದು. ಬೆಳಕು ಜಾಸ್ತಿ ಆಯಿತು ಅನಿಸಿದರೆ ಶಟರ್ ಮುಟ್ಟಬೇಡಿ, ಐಎಸ್‌ಒ ಇಳಿಸಿ. ಐಎಸ್‌ಒ ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ. ಅದೂ ಸಾಲದಿದ್ದರೆ 1/100 ಕೂಡ ನಡೆಯುತ್ತದೆ. ಇನ್ನು, 120 ಫ್ರೇಮ್‌ನ ಸ್ಲೋ ಮೋಷನ್‌ಗೆ ಇದು ಕೆಲಸ ಮಾಡುವುದಿಲ್ಲ, ಅಲ್ಲಿ ಒಂದು ಚಿತ್ರಕ್ಕೆ ಪೂರ್ತಿ ಒಂದು ಏರಿಳಿತದಷ್ಟೂ ಸಮಯ ಇರುವುದಿಲ್ಲ. ಅದನ್ನು ಕಿಟಕಿ ಬೆಳಕಿನಲ್ಲೇ ತೆಗೆಯಿರಿ. ಡಿಮ್ಮರ್ ಹಾಕಿದ ಕೆಲವು ಎಲ್‌ಇಡಿಗಳು ಬೇರೆಯೇ ವೇಗದಲ್ಲಿ ಮಿಣುಕುತ್ತವೆ. ಅಂಥ ಕಡೆ ಡಿಮ್ಮರ್ ಪೂರ್ತಿ ಏರಿಸಿ ನೋಡಿ. ಅಮೆರಿಕದಲ್ಲಿರುವವರು 30 ಫ್ರೇಮ್, 1/60 ಇಡಿ, ಅಲ್ಲಿನ ಕರೆಂಟ್ 60 ಹರ್ಟ್ಸ್.