FD 9806: ಡಿಶ್‌ವಾಷರ್ 1998ರದ್ದಲ್ಲ

ಹಳೆಯ ಬಾಷ್ ಡಿಶ್‌ವಾಷರ್ ಕೊಳ್ಳುವ ಮುಂಚೆ ಅದರ ವಯಸ್ಸು ತಿಳಿಯಬೇಕಿತ್ತು. ಮಾರುವವರು ಬಾಗಿಲಂಚಿನ ಲೇಬಲ್‌ನ ಫೋಟೋ ಕಳಿಸಿದರು. ಅದರಲ್ಲಿ ‘FD 9806’ ಎಂದಿತ್ತು. 1998 ಅಂದುಕೊಂಡು ವ್ಯವಹಾರವನ್ನೇ ಬಿಡುವವನಿದ್ದೆ.

ಆದರೆ ತಯಾರಾದ ವರ್ಷ, ತಿಂಗಳು ಹೇಳುವ ಈ FD ಸಂಖ್ಯೆಯ ಲೆಕ್ಕ ಬೇರೆ. ಮೊದಲ ಎರಡು ಅಂಕಿಗೆ 20 ಕೂಡಿಸಬೇಕು: 98 + 20 = 118. ನೂರನ್ನು ಬಿಟ್ಟರೆ 18, ಅಂದರೆ 2018. ಕೊನೆಯ 06 ಜೂನ್ ತಿಂಗಳು. ಪಕ್ಕದ E-Nr. ಮಾದರಿಯ ಸಂಖ್ಯೆಯಷ್ಟೇ, ಅದರಲ್ಲಿ ವರ್ಷ ಹುಡುಕಬೇಡಿ.

ಇನ್ನೊಂದು ತಲೆನೋವಿತ್ತು. ಫ್ಲ್ಯಾಶ್ ಬೆಳಕು ಸರಿಯಾಗಿ 8ರ ಮೇಲೇ ಬಿದ್ದಿತ್ತು. ಅದು 3 ಆಗಿದ್ದರೆ? 9306 ಅಂದರೆ 2013, ಐದು ವರ್ಷ ಹಳತು! ಫ್ಲ್ಯಾಶ್ ಆರಿಸಿ, ಓರೆಯಾಗಿ ಇನ್ನೊಂದು ಫೋಟೋ ತೆಗೆಯಿರಿ ಅಂದೆ. ಜೊತೆಗೆ ಒಳಗಿನ ಪ್ಲಾಸ್ಟಿಕ್ ಭಾಗದ ಫೋಟೋ ಕೂಡ ಕೇಳಿದೆ. ಅದರ ಮೇಲೆ ಪುಟ್ಟ ಗಡಿಯಾರದಂಥ ಅಚ್ಚು ಕಂಡಿತು: ಬಾಣದ ಎಡಕ್ಕೆ 1, ಬಲಕ್ಕೆ 8, ತುದಿ 4ರ ಕಡೆ. ಎರಡು ಅಂಕಿ ಸೇರಿದರೆ ವರ್ಷ, ತುದಿ ತೋರಿಸುವುದು ತಿಂಗಳು. ಅಂದರೆ ಭಾಗ ಎರಕವಾದದ್ದು ಏಪ್ರಿಲ್ 2018ರಲ್ಲಿ, ಯಂತ್ರ ಜೋಡಣೆ ಜೂನ್‌ನಲ್ಲಿ. ಲೆಕ್ಕ ಕೂಡಿತು. ಭಾಗ ಬದಲಿಸಿದ್ದರೆ ಮಾತ್ರ ಈ ಸಾಕ್ಷಿ ನಿಲ್ಲುವುದಿಲ್ಲ. ಆದರೆ ಲೇಬಲ್‌ನ ಎರಡನೇ ಫೋಟೋದಲ್ಲಿ 8 ಸ್ಪಷ್ಟವಾಗಿಯೇ ಇತ್ತು.