ಓಡಬೇಕಾದ ಲೈಟು ಎಲ್ಲಾ ಒಟ್ಟಿಗೆ ಉರಿದು ನಿಂತದ್ದು

ಮಂಗಳೂರಲ್ಲಿ ನಮ್ಮ ಏರಿಯಾದ ಶಾರದೋತ್ಸವಕ್ಕೆ ಗೇಟಿನ ಕಮಾನಿಗೆ ಓಡುವ ಲೈಟು ಮಾಡಿಕೊಡು ಅಂತ ಸಮಿತಿಯವರು ಹೇಳಿದ್ರು. ನಂಗೆ ಅದು ದೊಡ್ಡ ಕೆಲಸ ಅಂತ ಅನ್ನಿಸ್ಲೇ ಇಲ್ಲ. ಎಡಗಡೆ ಕಂಬದಲ್ಲಿ 8 ತುಂಡು ಎಲ್‌ಇಡಿ ಸ್ಟ್ರಿಪ್, ಬಲಗಡೆ 8, ಒಂದೊಂದು ಕಂಬಕ್ಕೆ ಒಂದು 595 ಐಸಿ, ಅದರ ಹಿಂದೆ 2803 ಡ್ರೈವರ್, ಎಲ್ಲಕ್ಕೂ ಮೇಲೆ ಒಂದು ಆರ್ಡುಯಿನೊ ಊನೊ. ಒಂದು ಬೈಟು ಅಂದ್ರೆ ಒಂದು ಕಂಬ, ಒಂದು ಬಿಟ್ ಅಂದ್ರೆ ಒಂದು ತುಂಡು. ಬೈಟನ್ನು ತಿರುಗಿಸ್ತಾ ಹೋದ್ರೆ ಲೈಟು ಓಡ್ತದೆ, ಅಷ್ಟೇ.

ತಿರುಗಿಸುವುದು ಅಂದ್ರೆ ಬಲಗಡೆಯಿಂದ ಹೊರಗೆ ಬಿದ್ದ ಬಿಟ್ಟನ್ನು ಎಡಗಡೆಯಿಂದ ಪುನಃ ಒಳಗೆ ತರುವುದು. ಸಿ ಭಾಷೆಯಲ್ಲಿ ಅದಕ್ಕೆ ಬೇರೆ ಚಿಹ್ನೆ ಇಲ್ಲ, ಎರಡು ಶಿಫ್ಟ್ ಸೇರಿಸಿ ನಾವೇ ಮಾಡ್ಕೊಬೇಕು:

```c
char p = 0x01;
p = (p >> 1) | (p << 7);
```

ಮನೆಯಲ್ಲಿ ರಾಸ್ಪ್‌ಬೆರಿ ಪೈ ಇತ್ತು, ಅದ್ರಲ್ಲೇ ಓಡಿಸಿ ನೋಡಿದೆ, 01, 80, 40, 20 ಅಂತ ಚಂದಕ್ಕೆ ಬಂತು, ಸರಿ ಉಂಟು ಅಂತ ಊನೊಗೆ ಹಾಕಿ ಕಮಾನಿಗೆ ಕಟ್ಟಿದೆವು.

ಸ್ವಿಚ್ ಹಾಕಿದ್ರೆ ಎಂತ ಆಯ್ತು ಅಂದ್ರೆ, ಮೊದಲು ಒಂದು ತುಂಡು ಉರೀತು, ಆಮೇಲೆ ಅದು ಆರದೆ ಪಕ್ಕದ್ದೂ ಉರೀತು, ಆಮೇಲೆ ಮೂರನೇದು, ಹಾಗೆ ಒಂದೊಂದೇ ಸೇರ್ತಾ ಸೇರ್ತಾ ಒಂದು ಸೆಕೆಂಡಲ್ಲಿ ಎಂಟೂ ಉರಿದು ಅಲ್ಲೇ ನಿಂತುಬಿಡ್ತು. ಕೆಳಗೆ ನಿಂತಿದ್ದ ಅಣ್ಣ ಒಬ್ರು "ಇದು ಓಡುವ ಲೈಟಾ ಮಾರಾಯ, ನಿಂತ ಲೈಟು ಅಲ್ವಾ" ಅಂದ್ರು. ನಾನು ಹಾರ್ಡ್‌ವೇರ್ ಮೇಲೆ ಸಂಶಯಪಟ್ಟೆ. 2803 ಶಾರ್ಟ್ ಆಗಿದೆಯಾ ಅಂತ ಬದಲಾಯಿಸಿದೆ, 595 ಬದಲಾಯಿಸಿದೆ, ಗ್ರೌಂಡ್ ವಯರು ಬಿಗಿ ಮಾಡಿದೆ, ಏನೂ ಪ್ರಯೋಜನ ಇಲ್ಲ. ಒಂದೂವರೆ ಗಂಟೆ ಹಾಳು.

ಕೊನೆಗೆ ಲ್ಯಾಪ್‌ಟಾಪ್ ಸಿಕ್ಕಿಸಿ `Serial.println(p, HEX)` ಹಾಕಿದೆ. ಸ್ಕ್ರೀನಲ್ಲಿ ಬಂದದ್ದು ಹೀಗೆ:

```
1
FFFFFF80
FFFFFFC0
FFFFFFE0
```

ಎರಡು ಅಂಕೆ ಬರಬೇಕಾದಲ್ಲಿ ಎದುರು ಇಷ್ಟು F ಬಂದದ್ದು ನೋಡಿದ ಕೂಡ್ಲೇ ಗೊತ್ತಾಯ್ತು, ಇದು ಮೈನಸ್ ಸಂಖ್ಯೆ. ಊನೊದ ಕಂಪೈಲರ್‌ಗೆ ಬರೀ `char` ಅಂದ್ರೆ ಸೈನ್ ಇರುವಂಥದ್ದು, -128ರಿಂದ 127ರವರೆಗೆ. ಪೈ ಆರ್ಮ್ ಪ್ರೊಸೆಸರಿನದ್ದು, ಅಲ್ಲಿ ಲಿನಕ್ಸಲ್ಲಿ ಅದೇ `char` ಸೈನ್ ಇಲ್ಲದ್ದು, 0ಯಿಂದ 255. ಎರಡೂ ಸರಿಯೇ, ಸಿ ಸ್ಟ್ಯಾಂಡರ್ಡ್ ಅದನ್ನು ಕಂಪೈಲರಿಗೆ ಬಿಟ್ಟದ್ದು. ಹಾಗಾಗಿ ನನ್ನ ಟೆಸ್ಟು ಪಾಸಾದ್ರೂ ಲೈಟು ಫೇಲು.

ಈಗ 0x80 ಅಂದ್ರೆ 1000 0000. ಸೈನ್ ಇದ್ರೆ ಅದು -128. ಅದನ್ನು ಬಲಕ್ಕೆ ಒಂದು ಮನೆ ತಳ್ಳಿದ್ರೆ ಎಡಗಡೆ ಒಂದು ಜಾಗ ಖಾಲಿ ಆಗ್ತದಲ್ಲ, ಅಲ್ಲಿ ಎಂತ ತುಂಬಿಸಬೇಕು ಅನ್ನುವುದೇ ಪ್ರಶ್ನೆ. ನಂಗೆ ಬೇಕಾದ್ದು ಸೊನ್ನೆ. ಜಿಸಿಸಿ ತುಂಬಿಸುವುದು ಸೈನ್ ಬಿಟ್ಟನ್ನೇ, ಯಾಕಂದ್ರೆ -128ರ ಅರ್ಧ -64 ಆಗ್ಬೇಕು ಅಂತ ಅದರ ಲೆಕ್ಕ. -64 ಅಂದ್ರೆ 1100 0000, ಎರಡು ಲೈಟು. ಮುಂದೆ ಮೂರು, ನಾಲ್ಕು, ಕೊನೆಗೆ 0xFF. 0xFF ಅಂದ್ರೆ -1, ಅದನ್ನು ಎಷ್ಟು ಸಲ ಬಲಕ್ಕೆ ತಳ್ಳಿದ್ರೂ -1ಏ, ಹಾಗಾಗಿ ಎಂಟೂ ಉರಿದು ಅಲ್ಲೇ ಗಟ್ಟಿ ಕೂತದ್ದು. ಚಿಪ್ಪಿನಲ್ಲೇ ಇದಕ್ಕೆ ಎರಡು ಬೇರೆ ಇನ್‌ಸ್ಟ್ರಕ್ಷನ್ ಉಂಟು, `LSR` ಸೊನ್ನೆ ತುಂಬಿಸ್ತದೆ, `ASR` ಮೇಲಿನ ಬಿಟ್ಟನ್ನು ಹಾಗೇ ಉಳಿಸ್ತದೆ. ನಾವು ಬರೆಯುವುದು ಒಂದೇ `>>`, ಅದು ಯಾವ್ದಾಗ್ತದೆ ಅಂತ ನಿರ್ಧಾರ ಮಾಡುವುದು ಟೈಪು. ಮೈನಸ್ ಸಂಖ್ಯೆಗಂತೂ ಸೈನನ್ನೇ ತುಂಬಬೇಕು ಅಂತ ಸಿ ಸ್ಟ್ಯಾಂಡರ್ಡಲ್ಲಿ ಕಡ್ಡಾಯ ಇಲ್ಲ, ಕಂಪೈಲರ್ ಹೇಳಿದ್ದೇ ಲೆಕ್ಕ.

`char` ತೆಗೆದು `uint8_t` ಹಾಕಿದೆ, ಎಡಗಡೆ ಕಂಬ ಓಡಿತು.

ಬಲಗಡೆಯದ್ದೂ ಓಡಿತು, ಆದ್ರೆ ಉಲ್ಟಾ! ಎಡದಲ್ಲಿ ಕೆಳಗಿನಿಂದ ಮೇಲೆ ಹೋದ್ರೆ ಬಲದಲ್ಲಿ ಮೇಲಿಂದ ಕೆಳಗೆ. ಕೇಬಲ್ ಮೇಲಿಂದ ಬರ್ತದೆ ಅಂತ ಹುಡುಗರು ಬೋರ್ಡನ್ನೇ ತಲೆಕೆಳಗೆ ಕಟ್ಟಿದ್ರು. ರಾತ್ರಿ ಹತ್ತು ಗಂಟೆ, ಮಳೆ ಹನಿ ಬೇರೆ, ಏಣಿ ಹತ್ತಿ 8 ವಯರು ಬಿಚ್ಚಿ ಕಟ್ಟುವವರು ಯಾರು? ಆ ಕಂಬದ ಬೈಟನ್ನು ಮಾತ್ರ ಹಿಂದುಮುಂದು ಮಾಡಿ ಕಳಿಸಿದ್ರಾಯ್ತು ಅಂತ ಇದನ್ನು ಬರೆದೆ:

```c
uint8_t rev8(uint8_t b) {
  b = (b >> 4) | (b << 4);
  b = ((b & 0xCC) >> 2) | ((b & 0x33) << 2);
  b = ((b & 0xAA) >> 1) | ((b & 0x55) << 1);
  return b;
}
```

ಎಂಟು ಸಲ ಲೂಪ್ ಹಾಕಿ ಒಂದೊಂದೇ ಬಿಟ್ ಎತ್ತಿಟ್ರೂ ಆಗ್ತದೆ, ಇದು ಮೂರೇ ಹೆಜ್ಜೆ. 0001 0110 ತಗೊಳ್ಳಿ. ಮೊದಲು ನಾಲ್ಕು ನಾಲ್ಕರ ಗುಂಪು ಅದಲು ಬದಲು, 0110 0001 ಆಯ್ತು. ಆಮೇಲೆ ಪ್ರತಿ ಗುಂಪಿನೊಳಗೆ ಎರಡೆರಡರ ಜೋಡಿ ಅದಲು ಬದಲು, 1001 0100. ಕೊನೆಗೆ ಅಕ್ಕಪಕ್ಕದ ಬಿಟ್ಟುಗಳು, 0110 1000. ಮೊದಲಿನದ್ದನ್ನು ಬಲದಿಂದ ಎಡಕ್ಕೆ ಓದಿ ನೋಡಿ, ಅದೇ.

ಕುತೂಹಲಕ್ಕೆ ಇದಕ್ಕೂ `int8_t` ಹಾಕಿ ನೋಡಿದೆ. ಕೆಡುವುದು ಮೊದಲನೇ ಸಾಲು ಮಾತ್ರ, 0x90 ಕೊಟ್ರೆ ಅಲ್ಲಿ 0x09 ಬರುವ ಬದಲು 0xF9 ಬರ್ತದೆ. ಉಳಿದ ಎರಡು ಸಾಲಲ್ಲಿ ತಳ್ಳುವ ಮೊದಲೇ `&` ಮಾಡಿದ್ದೇನಲ್ಲ, ಎದುರಿಗೆ ಹಬ್ಬಿದ 1ಗಳೆಲ್ಲ ಅಲ್ಲೇ ಅಳಿಸಿ ಹೋಗ್ತವೆ, ಹಾಗಾಗಿ ಅವಕ್ಕೆ ತೊಂದರೆ ಇಲ್ಲ. ಬೇರೆಯವರ ಹಳೇ ಕೋಡಲ್ಲಿ ಟೈಪ್ ಬದಲಾಯಿಸ್ಲಿಕ್ಕೆ ಆಗದಿದ್ರೆ ನಾನು ಈಗ ಇದೇ ಮಾಡುವುದು, ಮಾಸ್ಕ್ ಮಾಡಿ ತಳ್ಳುವುದು.

`uint8_t` ಹಾಕಿದ ಮೇಲೆ ಮುಗೀತು ಅಂತ ನಾನೂ ಅಂದ್ಕೊಂಡಿದ್ದೆ. ಮರುದಿನ ಸಮಿತಿಯವರಿಗೆ ಎಲ್ಲಾ ಉರಿದು ಒಂದು ಕತ್ತಲೆ ಚುಕ್ಕೆ ಓಡುವ ಡಿಸೈನ್ ಬೇಕಿತ್ತು. ನಾನು `p` ಅನ್ನು `~` ಮಾಡಿ ತಿರುಗಿಸಿದೆ:

```c
q = (~p >> 1) | (~p << 7);
```

ಓಡಿತು, ಆದ್ರೆ ಪ್ರತಿ ಸುತ್ತಿಗೆ ಒಂದು ಸಲ ಚುಕ್ಕೆ ಮಾಯ. ಒಂದೇ ಹೆಜ್ಜೆ, ಗಮನ ಕೊಡದಿದ್ರೆ ಕಾಣುವುದೇ ಇಲ್ಲ. ಕಾರಣ ಅದೇ ಹಳೇದು. ಲೆಕ್ಕ ಮಾಡುವಾಗ ಸಿ ಭಾಷೆ ಬೈಟನ್ನು ಮೊದಲು `int` ಮಾಡ್ತದೆ, ಊನೊದಲ್ಲಿ ಅದು 16 ಬಿಟ್, ಸೈನ್ ಇರುವಂಥದ್ದು. `p` 0x01 ಇದ್ದಾಗ `~p` 0xFE ಅಲ್ಲ, 0xFFFE, ಪುನಃ ಮೈನಸ್. ಬಲಕ್ಕೆ ತಳ್ಳಿದ್ರೆ ಮೇಲಿನ ಬೈಟಿನ ಒಂದು 1 ಕೆಳಗೆ ಇಳಿದು, 0x7F ಆಗಬೇಕಾದ್ದು 0xFF ಆಯ್ತು. ಉಳಿದ ಏಳು ಹೆಜ್ಜೆಯಲ್ಲಿ ಆ ಜಾಗಕ್ಕೆ ಹೇಗೂ 1ಏ ಬೇಕಿತ್ತು, ಹಾಗಾಗಿ ತಪ್ಪು ಕಾಣ್ಲಿಲ್ಲ. ಮೊದಲು `uint8_t n = ~p;` ಅಂತ ಬೈಟಿಗೆ ಕತ್ತರಿಸಿ, ಆಮೇಲೆ `n` ತಿರುಗಿಸಿದೆ, ಸರಿಯಾಯ್ತು.

ಈಗ ಟೆಸ್ಟನ್ನು ಊನೊದಲ್ಲೇ ಮಾಡ್ತೇನೆ, ಪೈಯಲ್ಲಿ ಅಲ್ಲ. ಇರುವುದೇ 256 ಬೆಲೆ, ಎಲ್ಲವನ್ನೂ ಎಂಟು ಸಲ ತಿರುಗಿಸಿ ಮೊದಲಿನದ್ದೇ ಬರ್ತದಾ, ಎರಡು ಸಲ `rev8` ಮಾಡಿದ್ರೆ ಮೊದಲಿನದ್ದೇ ಬರ್ತದಾ ಅಂತ ನೋಡಿದ್ರೆ ಕಣ್ಣು ಮುಚ್ಚಿ ತೆಗೆಯುವಷ್ಟ್ರಲ್ಲಿ ಮುಗೀತದೆ. ಆದ್ರೆ ಏನೂ ಮಾಡದ ಫಂಕ್ಷನ್ನೂ ಈ ಎರಡರಲ್ಲಿ ಪಾಸಾಗ್ತದೆ, ಹಾಗಾಗಿ 0x01 ತಿರುಗಿಸಿದ್ರೂ ಹಿಂದುಮುಂದು ಮಾಡಿದ್ರೂ 0x80 ಬರ್ತದಾ, 0x80 ತಿರುಗಿಸಿದ್ರೆ 0x40 ಬರ್ತದಾ ಅಂತಲೂ ನೋಡ್ತೇನೆ.

ಬಲಗಡೆ ಬೋರ್ಡು ಈಗ್ಲೂ ತಲೆಕೆಳಗೇ ಉಂಟು. ಮುಂದಿನ ವರ್ಷ ಯಾರಾದ್ರೂ ಪುಣ್ಯಾತ್ಮರು ಅದನ್ನು ಸರಿ ಮಾಡಿ ಕಟ್ಟಿಯಾರು ಅಂತ ಮಾರ್ಕರಲ್ಲಿ ದೊಡ್ಡದಾಗಿ "ಉಲ್ಟಾನೇ ಇರಲಿ" ಅಂತ ಬರೆದಿಟ್ಟಿದ್ದೇನೆ.